ಬೆಂಡೆಯ ಬೇರುಗಂಟಿಗೆ ಚೆಂಡುಹೂ: ಜೊತೆಗೆ ನೆಡುವುದೋ, ಮೊದಲೇ ನೆಡುವುದೋ?

ಬದಿಯಡ್ಕ ಕಡೆಯ ನಮ್ಮ ಮುರಮಣ್ಣಿನ ಹಿತ್ತಿಲಲ್ಲಿ ಒಂದೇ ಜಾಗಕ್ಕೆ ವರ್ಷ ವರ್ಷವೂ ಬೆಂಡೆ ಹಾಕಿದರೆ ಗಿಡ ಮೊಣಕಾಲೆತ್ತರಕ್ಕೇ ನಿಂತುಬಿಡುತ್ತದೆ. ಬುಡದಲ್ಲಿ ತೇವವಿದ್ದರೂ ಮಧ್ಯಾಹ್ನ ಎಲೆ ಬಾಡುತ್ತದೆ, ಗೊಬ್ಬರ ಕೊಟ್ಟರೂ ಹಳದಿ ಬಿಡುವುದಿಲ್ಲ. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಬೇರಿನೊಳಗೆ ಹೊಕ್ಕು ರಸ ಹೀರುವ ನೆಮಟೋಡ್ ಎಂಬ ಸಣ್ಣ ಹುಳುವಿನ ಕೆಲಸ ಇದು. ಜನ ಹೇಳುವ ಮೂರು ದಾರಿಗಳನ್ನು ಅಕ್ಕಪಕ್ಕದ ಮೂರು ಮಡಿಗಳಲ್ಲಿ ಮಾಡಿ ನೋಡಿದೆ.

ಮೊದಲ ಮಡಿಯಲ್ಲಿ ಬೆಂಡೆಯ ಸಾಲುಗಳ ನಡುವೆ ಚೆಂಡುಹೂ ನೆಟ್ಟೆ. ನೋಡಲು ಚಂದ, ಆದರೆ ಬೆಂಡೆಯ ಬೇರಿನಲ್ಲಿ ಗಂಟು ಕಡಿಮೆಯಾಗಲಿಲ್ಲ. ನೆಮಟೋಡನ್ನು ತಡೆಯುವುದು ಹೂವಿನ ವಾಸನೆಯಲ್ಲ, ಚೆಂಡುಹೂವಿನ ಜೀವಂತ ಬೇರು. ಆ ಬೇರು ತಲುಪಿದಷ್ಟು ಮಣ್ಣಿನಲ್ಲಿ ಮಾತ್ರ ಅದರ ಪ್ರಭಾವ. ಪಕ್ಕದಲ್ಲೇ ಬೆಂಡೆಯ ಬೇರು ಊಟ ಹಾಕುತ್ತಿದ್ದರೆ ಹುಳು ಅಲ್ಲೇ ಹೆಚ್ಚುತ್ತದೆ.

ಎರಡನೆಯದರಲ್ಲಿ ಬೆಳೆ ಬದಲಿಸಿ ಅಲಸಂಡೆ ಹಾಕಿದೆ. ಮಣ್ಣಿಗೆ ಸಾರಜನಕ ಸಿಗುತ್ತದೆ, ನಿಜ. ಆದರೆ ಅಲಸಂಡೆಯೂ ಈ ಹುಳುವಿನ ಆಹಾರವೇ, ಹಾಗಾಗಿ ಮುಂದಿನ ಬೆಂಡೆಗೆ ಕಾಟ ತಪ್ಪಲಿಲ್ಲ. ಅಲಸಂಡೆಯ ಬೇರು ನೋಡುವಾಗ ಒಂದು ಎಚ್ಚರ ಬೇಕು: ಸಾರಜನಕದ ಗುಳ್ಳೆ ಬೇರಿನ ಬದಿಗೆ ಅಂಟಿಕೊಂಡಿರುತ್ತದೆ, ಉಗುರಿನಿಂದ ತಳ್ಳಿದರೆ ಕಳಚುತ್ತದೆ, ಒಡೆದರೆ ಒಳಗೆ ನಸುಗೆಂಪು. ನೆಮಟೋಡಿನ ಗಂಟು ಹಾಗಲ್ಲ. ಬೇರೇ ಊದಿರುತ್ತದೆ, ಬೇರು ಹರಿಯದೆ ಅದು ಬರುವುದಿಲ್ಲ.

ಮೂರನೆಯ ಮಡಿಗೆ ಜೂನ್‌ನಲ್ಲಿ ಬರೀ ಚೆಂಡುಹೂ, ಗಿಡದಿಂದ ಗಿಡಕ್ಕೆ ಒಂದು ಗೇಣು. ಮಳೆನೀರು ನಿಲ್ಲದಂತೆ ಮಡಿ ಎತ್ತರಿಸಿದೆ. ಕಳೆಯನ್ನು ಬಿಡದೆ ಕಿತ್ತೆ, ಯಾಕೆಂದರೆ ಹುಳು ಕಳೆಯ ಬೇರಿನಲ್ಲೂ ಬದುಕುತ್ತದೆ. ಓಣಂಗೆ ಹೂ ಕೊಯ್ದಾಯಿತು. ಸೆಪ್ಟೆಂಬರ್ ಕೊನೆಗೆ ಗಿಡವನ್ನು ಕೊಚ್ಚಿ ಮಣ್ಣಿಗೆ ಸೇರಿಸಿ, ಅದು ಕೊಳೆತ ಮೇಲೆ ಹಟ್ಟಿಗೊಬ್ಬರ ಹಾಕಿ ಬೆಂಡೆ ಬಿತ್ತಿದೆ. ಗಿಡ ಎದೆಮಟ್ಟಕ್ಕೆ ಬಂತು. ಕೊನೆಗೆ ಕಿತ್ತಾಗ ತುದಿಬೇರುಗಳಲ್ಲಿ ಅಲ್ಲಲ್ಲಿ ಗಂಟಿತ್ತು, ತಾಯಿಬೇರು ನಯವಾಗಿತ್ತು.

ನನ್ನ ಮಟ್ಟಿಗೆ ಮೂರನೆಯದೇ ದಾರಿ, ಆದರೆ ಅದಕ್ಕೂ ಮಿತಿಯಿದೆ. ಹುಳು ಪೂರ್ತಿ ಸಾಯುವುದಿಲ್ಲ. ಒಂದು ಬೆಳೆ ಮುಗಿಯುವಷ್ಟರಲ್ಲಿ ಮತ್ತೆ ಹೆಚ್ಚಿರುತ್ತದೆ. ಎಲೆಯ ಬಿಳಿನೊಣಕ್ಕೂ ಅದು ತರುವ ಹಳದಿ ನಂಜಿಗೂ ಚೆಂಡುಹೂ ಮದ್ದಲ್ಲ. ಗಂಟು ಕಡಿಮೆಯಿದ್ದು ಮಣ್ಣು ಮಾತ್ರ ಸೊರಗಿದ್ದರೆ ಆ ಮಳೆಗಾಲಕ್ಕೆ ಅಪ್ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ, ಕಾಂಡ ಗಟ್ಟಿಯಾಗುವ ಮೊದಲೇ ಕಡಿದು ಮಣ್ಣಿಗೆ ಸೇರಿಸುವುದು ವಾಸಿ. ಅದು ಸಾರಜನಕ ಕೊಡುತ್ತದೆ, ಅಲಸಂಡೆಯಂತೆ ಹುಳು ಸಾಕುವುದಿಲ್ಲ. ಯಾವುದನ್ನೇ ಮಾಡಿದರೂ ಗಂಟಿರುವ ಬೆಂಡೆಬೇರನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ; ಅಗೆದು ತೆಗೆದು ಬಿಸಿಲಿಗೆ ಒಣಗಿಸಿ ಸುಟ್ಟುಬಿಡಿ.