ಎರಡು ಬೇಸಿಗೆ ಕಂಡ ನಮ್ಮ ಫೈಬರ್ ರೌಟರ್: ಡಬ್ಬಿ ಒಳ್ಳೇದು, ಇಟ್ಟ ಜಾಗ ಕೆಟ್ಟದು

ರಾಯಚೂರಿನಲ್ಲಿ ಹೊಸ ಮನೆಗೆ ಬಂದಾಗ ಇಂಟರ್ನೆಟ್‌ನವರು ಸಂಪರ್ಕದ ಜೊತೆಗೇ ಒಂದು ಡ್ಯುಯಲ್ ಬ್ಯಾಂಡ್ ಫೈಬರ್ ರೌಟರ್ ಕೊಟ್ಟರು. ಫೈಬರ್ ತಂತಿ ನೇರವಾಗಿ ಇದಕ್ಕೇ ಬರುತ್ತದೆ, ವೈಫೈ ಕೂಡ ಇದರಿಂದಲೇ. ಕಂಪನಿ ಹೆಸರು ಹೇಳುವುದಿಲ್ಲ. ಯಾಕಂದ್ರೆ ಈ ಕಥೆ ಯಾವ ಕಂಪನಿಯ ಡಬ್ಬಿಗಾದರೂ ಆಗಬಹುದು.

ಚಳಿಗಾಲದಲ್ಲಿ ದೂರಲು ಏನೂ ಇರಲಿಲ್ಲ. 100 ಎಂಬಿಪಿಎಸ್ ಪ್ಲಾನ್, ಹಾಲ್‌ನಲ್ಲಿ ಕೂತು ನೋಡಿದರೆ ತೊಂಬತ್ತರ ಮೇಲೆಯೇ ಬರುತ್ತಿತ್ತು. ಮಾರ್ಚ್ ಕೊನೆಗೆ ಶುರುವಾಯಿತು ತಕರಾರು. ಬೆಳಿಗ್ಗೆ ಎಲ್ಲಾ ಸರಿ. ಮಧ್ಯಾಹ್ನ ಎರಡು ದಾಟಿತೋ, ವೀಡಿಯೊ ಕಾಲ್ ತಡವರಿಸುತ್ತದೆ, ಟಿವಿಯಲ್ಲಿ ಗುಂಡಗೆ ಸುತ್ತುತ್ತಾ ನಿಲ್ಲುತ್ತದೆ. ಸಂಜೆ ಹೊತ್ತಿಗೆ ರೌಟರ್ ತಾನೇ ಆಫ್ ಆಗಿ ಆನ್ ಆಗುತ್ತದೆ. ದೂರು ಕೊಟ್ಟರೆ ಲೈನ್ ನೋಡುವ ಹುಡುಗ ಬಂದು ಮೀಟರ್ ಹಿಡಿದು, "ಲೈನ್ ಸರಿ ಅದ ರೀ ಸರ್, ಪವರ್ ಚೆಂದ ಬರ್ತದ" ಅಂತ ಹೋದ. ಪವರ್ ಅಂದರೆ ಇಲ್ಲಿ ಕರೆಂಟ್ ಅಲ್ಲ, ಫೈಬರ್‌ನಲ್ಲಿ ಬರುವ ಬೆಳಕಿನ ಬಲ. ಅವನು ಹೇಳಿದ್ದು ಸುಳ್ಳಲ್ಲ. ಫೈಬರ್ ಕಡಿದರೆ ರೌಟರ್ ಮೇಲಿನ LOS ದೀಪ ಕೆಂಪಗಾಗುತ್ತದೆ. ನಮ್ಮಲ್ಲಿ ಅದು ಒಮ್ಮೆಯೂ ಉರಿದಿರಲಿಲ್ಲ.

ರೌಟರ್ ಇದ್ದದ್ದು ಟಿವಿ ಯುನಿಟ್‌ನ ಕೆಳಗಿನ ಕಪಾಟಿನೊಳಗೆ, ಬಾಗಿಲು ಹಾಕಿ. ತಂತಿ ಕಾಣಬಾರದು ಅಂತ ಬಡಗಿಯೇ ಹಾಗೆ ಜಾಗ ಮಾಡಿದ್ದ. ಪಕ್ಕದಲ್ಲೇ ಸೆಟ್ ಟಾಪ್ ಬಾಕ್ಸ್. ಹಿಂದೆ ಎಕ್ಸ್‌ಟೆನ್ಷನ್ ಬಾಕ್ಸ್, ಅದರಲ್ಲಿ ಮೂರು ಅಡಾಪ್ಟರ್ ಒಂದಕ್ಕೊಂದು ಒತ್ತಿಕೊಂಡು. ಇಂಥ ರೌಟರ್‌ಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಸುತ್ತಲಿನ ಗಾಳಿ 0ಯಿಂದ 40 ಡಿಗ್ರಿಯೊಳಗೆ ಇರಬೇಕು ಅಂತ ಬರೆದಿರುತ್ತಾರೆ. ಏಪ್ರಿಲ್, ಮೇನಲ್ಲಿ ನಮ್ಮೂರಿನ ಹೊರಗಿನ ಗಾಳಿಯೇ 40 ದಾಟುತ್ತದೆ. ಇನ್ನು ಮುಚ್ಚಿದ ಕಪಾಟಿನ ಒಳಗಿನ ಗಾಳಿ? ರೌಟರ್‌ಗೆ ಫ್ಯಾನ್ ಇಲ್ಲ. ಬಿಸಿ ಗಾಳಿ ಮೇಲಿನ ರಂಧ್ರಗಳಿಂದ ತಾನೇ ಏರಿ ಹೊರಗೆ ಹೋಗಬೇಕು. ಅಲ್ಲಿ ಹೋಗಲು ದಾರಿಯೇ ಇಲ್ಲ.

ಆದರೂ ಬಿಸಿಯೇ ಕಾರಣ ಅಂತ ಸುಮ್ನೆ ಹೇಳಿದರೆ ಆಗದು. ಕಪಾಟಿನ ಹಲಗೆ, ಟಿವಿಯ ಹಿಂಭಾಗ ಸಿಗ್ನಲ್ ತಡೆದರೂ ನಿಧಾನವಾಗುತ್ತದೆ ಅಲ್ವಾ? ಆದರೆ ಹಲಗೆ ಬೆಳಿಗ್ಗೆಯೂ ತಡೆಯುತ್ತದೆ, ಮಧ್ಯಾಹ್ನವೂ ತಡೆಯುತ್ತದೆ. ಬಿಸಿಗೆ ಮಾತ್ರ ಹೊತ್ತು ಬೇಕು. ಹಾಗಾಗಿ ಒಂದೇ ಜಾಗದಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇಟ್ಟು ವೈಫೈನಲ್ಲಿ ರೌಟರ್‌ಗೇ ಪಿಂಗ್ ಮಾಡಿದೆ, ಅಂದರೆ ಐವತ್ತು ಸಲ ಚಿಕ್ಕ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಅಂತ ನೋಡಿದೆ:

```
ping -n 50 192.168.1.1
```

ಇದು ಮನೆಯ ಹೊರಗೆ ಹೋಗುವುದೇ ಇಲ್ಲ, ಆದ್ದರಿಂದ ಕಂಪನಿಯ ಲೈನ್ ಲೆಕ್ಕಕ್ಕೆ ಬರುವುದಿಲ್ಲ. ಬೆಳಿಗ್ಗೆ ಉತ್ತರ ಎರಡು ಮೂರು ಮಿಲಿಸೆಕೆಂಡಿನಲ್ಲಿ ಬಂತು. ಮಧ್ಯಾಹ್ನ ಕೆಲವು ಇನ್ನೂರು, ಮುನ್ನೂರಕ್ಕೆ ಹಾರಿದವು, ನಡುನಡುವೆ `Request timed out`. ಅದೇ ಹೊತ್ತಿಗೆ ಲ್ಯಾನ್ ತಂತಿ ಚುಚ್ಚಿ ನೋಡಿದರೆ ಒಂದು ಮಿಲಿಸೆಕೆಂಡ್, ಅಲುಗಾಟವೇ ಇಲ್ಲ. ಅಂದರೆ ಒದ್ದಾಡುತ್ತಿದ್ದದ್ದು ವೈಫೈ ಭಾಗ ಮಾತ್ರ. ಆಮೇಲೆ ರೌಟರ್ ಆಫ್ ಮಾಡಿ ತಕ್ಷಣ ಆನ್ ಮಾಡಿದೆ. ಸ್ವಲ್ಪ ಹೊತ್ತು ಚೆನ್ನಾಗಿದ್ದು ಮತ್ತೆ ಅದೇ ರಾಗ. ಅರ್ಧ ಗಂಟೆ ಆಫ್ ಮಾಡಿ, ಹೊರಗೆ ತಣ್ಣಗಾಗಲು ಬಿಟ್ಟು ಮತ್ತೆ ಅಲ್ಲೇ ಇಟ್ಟಾಗ ತುಂಬಾ ಹೊತ್ತು ನಡೆಯಿತು, ಆಮೇಲೆ ಬಿದ್ದಿತು. ಬರೀ ಸಾಫ್ಟ್‌ವೇರ್ ತೊಂದರೆಯಾಗಿದ್ದರೆ ತಣ್ಣಗಾಗುವವರೆಗೆ ಕಾಯುವುದರಿಂದ ಇಷ್ಟು ವ್ಯತ್ಯಾಸ ಬರುತ್ತಿರಲಿಲ್ಲ.

ಆಫ್ ಆಗಿ ಆನ್ ಆಗುವುದು ಮಾತ್ರ ಬೇರೆಯೇ ರೋಗ. ಬ್ರೌಸರ್‌ನಲ್ಲಿ ತೆರೆಯುವ ರೌಟರ್ ಸೆಟ್ಟಿಂಗ್ ಪುಟದಲ್ಲಿ `Uptime` ಅಂತ ಒಂದು ಸಾಲು ಇರುತ್ತದೆ, ಆನ್ ಆಗಿ ಎಷ್ಟು ಹೊತ್ತಾಯಿತು ಅಂತ ತೋರಿಸುತ್ತದೆ. ವೈಫೈ ಮಾತ್ರ ಕಡಿದಿದ್ದರೆ ಅದು ಓಡುತ್ತಲೇ ಇರುತ್ತದೆ. ನಮ್ಮದು ಪ್ರತಿ ಸಂಜೆ ಸೊನ್ನೆಗೆ ಬರುತ್ತಿತ್ತು, ಅಂದರೆ ಇಡೀ ರೌಟರೇ ರೀಸ್ಟಾರ್ಟ್ ಆಗುತ್ತಿತ್ತು. ಕರೆಂಟ್ ತಪ್ಪುತ್ತಿರಬಹುದು ಅನ್ನಿಸಿತು. ಅಡಾಪ್ಟರ್ ಮುಟ್ಟಿದರೆ ಕೈ ಇಡಲು ಆಗುತ್ತಿರಲಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್‌ನ ಆ ಸಾಕೆಟ್ ಸಡಿಲವಾಗಿ, ಒಳಗೆ ಕಂದು ಬಣ್ಣಕ್ಕೆ ತಿರುಗಿತ್ತು. ಸಡಿಲ ಸಾಕೆಟ್ ತಾನೂ ಬಿಸಿಯಾಗುತ್ತದೆ, ಅಡಾಪ್ಟರನ್ನೂ ಕಾಯಿಸುತ್ತದೆ. ಇಂಥ ಬಾಕ್ಸ್ ಇಟ್ಟುಕೊಳ್ಳಬೇಡಿ, ಬೆಂಕಿಯ ಅಪಾಯ ರೌಟರ್‌ಗಿಂತ ದೊಡ್ಡದು.

ಈಗ ರೌಟರ್ ಗೋಡೆಗೆ ಎದೆಮಟ್ಟದಲ್ಲಿ ನಿಂತಿದೆ, ಎಲ್ಲಾ ಕಡೆ ನಾಲ್ಕು ಬೆರಳು ಜಾಗ ಬಿಟ್ಟು. ಅಡಾಪ್ಟರ್‌ಗೆ ಗೋಡೆಯಲ್ಲೇ ಬೇರೆ ಸಾಕೆಟ್. ತಂತಿ ಕಾಣುತ್ತದೆ ಅಂತ ಮನೆಯವರಿಗೆ ಇನ್ನೂ ಸಿಟ್ಟು ಇದೆ, ಆದರೆ ಎರಡನೇ ಬೇಸಿಗೆಯಲ್ಲಿ ಸಂಜೆಯ ರೀಸ್ಟಾರ್ಟ್ ನಿಂತೇ ಹೋಯಿತು. ಮೇ ತಿಂಗಳ ನಡುಮಧ್ಯಾಹ್ನ, ಫ್ಯಾನ್ ಇಲ್ಲದ ಕೋಣೆಯಲ್ಲಿ ವೇಗ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಮದ್ದಿಲ್ಲ. ರೌಟರ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಯಾಕಂದ್ರೆ, ಗಾಳಿ ರಂಧ್ರಗಳು ಚಿಕ್ಕವು, ನಮ್ಮೂರ ಧೂಳಿಗೆ ಬೇಗ ಮುಚ್ಚುತ್ತವೆ. ತಿಂಗಳಿಗೊಮ್ಮೆ ಆಫ್ ಮಾಡಿ, ಒಣ ಬ್ರಷ್‌ನಿಂದ ತೆಗೆಯಬೇಕು.

ಬಿಸಿಯಲ್ಲಿ ಬೆಂದ ಅಡಾಪ್ಟರನ್ನು ಮಾತ್ರ ಬದಲಿಸಿದೆ. ಹೊಸದು ಕೊಳ್ಳುವವರು ಹಳೆಯದರ ಮೇಲಿನ ಬರಹ ನೋಡಿ. ನಮ್ಮದು 12 ವೋಲ್ಟ್, 1 ಆಂಪಿಯರ್. ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಡಿಮೆ ಇದ್ದರೆ ಅದೇ ರೀಸ್ಟಾರ್ಟ್ ಮತ್ತೆ ಶುರುವಾಗಬಹುದು. ಪಿನ್ನಿನ ಗಾತ್ರ, ಪ್ಲಸ್ ಮೈನಸ್ ಗುರುತು ಕೂಡ ಹೊಂದಬೇಕು. ಹಳೆಯದನ್ನು ಅಂಗಡಿಗೇ ತೆಗೆದುಕೊಂಡು ಹೋಗಿ.