ಲೀಸ್ ಕರಾರಿನ ಫೋಟೊದಿಂದ ತಿಂಗಳವಾರು ಬಾಡಿಗೆ ಪಟ್ಟಿ: ನಾನು ಬಳಸಿ ನೋಡಿದ ಮೂರು ದಾರಿಗಳು

ವರ್ಷಕ್ಕೊಮ್ಮೆ ಬಾಡಿಗೆ ಏರುವ ಲೀಸ್ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಅನುಬಂಧವಿರುತ್ತದೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ತಿಂಗಳಿಗೆ ಎಷ್ಟು ಬಾಡಿಗೆ ಎಂಬುದು ಅದರಲ್ಲಿ ನಾಲ್ಕೈದು ಸಾಲುಗಳಲ್ಲಿ ಮುಗಿದಿರುತ್ತದೆ. ಲೆಕ್ಕ ನೋಡುವವರ ಕೈಗೆ ಬರುವುದು ಬಹುಮಟ್ಟಿಗೆ ಆ ಪುಟದ ಫೋಟೊ ಮಾತ್ರ. ಅದರಿಂದ ತಿಂಗಳವಾರು ಪಾವತಿ ಪಟ್ಟಿ ಮಾಡಲು ನಾನು ಮೂರು ದಾರಿಗಳನ್ನು ಬಳಸಿ ನೋಡಿದ್ದೇನೆ: ಸ್ಪ್ರೆಡ್‌ಶೀಟ್ ಆ್ಯಪ್‌ಗೆ ಚಿತ್ರವನ್ನೇ ಕೊಟ್ಟು ಕೋಷ್ಟಕ ಪಡೆಯುವುದು, ಫೋನಿನಲ್ಲಿ ಚಿತ್ರದ ಅಕ್ಷರಗಳನ್ನು ನಕಲಿಸಿ ಅಂಟಿಸುವುದು, ಮತ್ತು ವರ್ಷದ ಸಾಲುಗಳನ್ನು ಕೈಯಾರೆ ಟೈಪ್ ಮಾಡಿ ತಿಂಗಳುಗಳನ್ನು ಸೂತ್ರಕ್ಕೆ ಬಿಡುವುದು. ನನ್ನ ಒಲವು ಮೂರನೆಯದರ ಕಡೆಗೆ.

ಎರಡನೆಯ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಟಿಸಿದಾಗ ದಿನಾಂಕಗಳೆಲ್ಲ ಒಂದು ಗುಂಪಾಗಿ, ಮೊತ್ತಗಳೆಲ್ಲ ಅವುಗಳ ಕೆಳಗೆ ಇನ್ನೊಂದು ಗುಂಪಾಗಿ ಬಂದವು. ಅವನ್ನು ಮತ್ತೆ ಸಾಲಿಗೆ ಹೊಂದಿಸುವಷ್ಟರಲ್ಲಿ ಟೈಪ್ ಮಾಡಿಯೇ ಮುಗಿಸಬಹುದಿತ್ತು.

ಮೊದಲನೆಯ ದಾರಿ ನೋಡಲು ಅಚ್ಚುಕಟ್ಟು. ಓದುವಾಗ ಅನುಮಾನ ಬಂದ ಕೋಶಗಳನ್ನು ಆ್ಯಪ್ ಬಣ್ಣ ಹಚ್ಚಿ ತೋರಿಸುತ್ತದೆ, ನಾವು ತಿದ್ದಬಹುದು. ತೊಂದರೆ ಇರುವುದು ಅನುಮಾನವೇ ಇಲ್ಲದೆ ತಪ್ಪಾಗುವ ಕಡೆ. ನನ್ನ ಮುಂದಿದ್ದ ಕರಾರು 2022ರ ಅಕ್ಟೋಬರ್ 11ರಿಂದ ಐದು ವರ್ಷಗಳದ್ದು. ಮೊದಲ ವರ್ಷದ ಬಾಡಿಗೆ 38,500, ಪ್ರತಿ ವರ್ಷ ಶೇಕಡಾ 5ರಷ್ಟು ಏರಿಕೆ. ಅನುಬಂಧದಲ್ಲಿ ಮೊದಲ ಸಾಲಿನ ಅವಧಿಯನ್ನು 11/10/2022ರಿಂದ 10/10/2023 ಎಂದು ಮುದ್ರಿಸಲಾಗಿತ್ತು. ಆ್ಯಪ್ ಒಂದು ಅಂಕಿಯನ್ನೂ ತಪ್ಪಾಗಿ ಓದಲಿಲ್ಲ. ಆದರೆ ಸ್ಪ್ರೆಡ್‌ಶೀಟಿನ ಪ್ರದೇಶದ ಸೆಟ್ಟಿಂಗ್ ತಿಂಗಳನ್ನು ಮೊದಲು ಬರೆಯುವ ಪದ್ಧತಿಯದಾಗಿದ್ದುದರಿಂದ, 11/10 ಎಂಬುದು ನವೆಂಬರ್ 10 ಆಗಿ ಕೋಶದಲ್ಲಿ ಕೂತಿತು.

ಈ ತಪ್ಪು ಕಣ್ಣಿಗೆ ಬೀಳದಿರಲು ಕಾರಣಗಳಿವೆ. ದಿನದ ಅಂಕಿ 12ಕ್ಕಿಂತ ಹೆಚ್ಚಿದ್ದರೆ ಅದು ತಿಂಗಳಾಗಲಾರದು. ಆಗ ಕೋಶವು ದಿನಾಂಕವಾಗದೆ ಬರಿಯ ಪಠ್ಯವಾಗಿ ಉಳಿದು, ಎಡಕ್ಕೆ ಅಂಟಿಕೊಂಡು, ತಾನೇ ಸುಳಿವು ಕೊಡುತ್ತದೆ. ಇಲ್ಲಿ 11 ಎಂಬುದು ತಿಂಗಳೂ ಆಗಬಹುದು, ದಿನವೂ ಆಗಬಹುದು. ಮುಕ್ತಾಯದ ದಿನಾಂಕ 10/10 ಆದ್ದರಿಂದ ಯಾವ ಪದ್ಧತಿಯಲ್ಲಿ ಓದಿದರೂ ಅಕ್ಟೋಬರ್ 10 ಆಗಿಯೇ ಉಳಿಯುತ್ತದೆ. ಪರಿಶೀಲಿಸುವವರು ಅದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಆರಂಭದ ದಿನಾಂಕಗಳೂ ತಮ್ಮತಮ್ಮಲ್ಲೇ ನೋಡಿದರೆ ಸರಿಯಾಗಿ ಒಂದೊಂದು ವರ್ಷದ ಅಂತರದಲ್ಲಿವೆ. ಫಲವಾಗಿ ಪ್ರತಿ ಏರಿಕೆಯೂ ಒಂದು ತಿಂಗಳು ತಡವಾಗಿ ಜಾರಿಗೆ ಬರುವ ಪಟ್ಟಿ ತಯಾರಾಗುತ್ತದೆ, ಮತ್ತು ಅದು ಯಾವ ದೋಷವನ್ನೂ ತೋರಿಸುವುದಿಲ್ಲ.

ಇದನ್ನು ಹಿಡಿಯುವ ಪರೀಕ್ಷೆ ಒಂದೇ: ಪ್ರತಿ ಸಾಲಿನ ಆರಂಭದಿಂದ ಹಿಂದಿನ ಸಾಲಿನ ಮುಕ್ತಾಯವನ್ನು ಕಳೆದರೆ 1 ಬರಬೇಕು. ಇಲ್ಲಿ 31 ಬಂತು. ಮೊತ್ತಗಳಿಗೂ ಇಂಥದೇ ಪರೀಕ್ಷೆಯುಂಟು. ಪ್ರತಿ ಬಾಡಿಗೆಯನ್ನು ಹಿಂದಿನದರಿಂದ ಭಾಗಿಸಿದರೆ 1.05ರ ಆಸುಪಾಸಿನಲ್ಲಿರಬೇಕು. 38,500 ಎಂಬುದನ್ನು 33,500 ಎಂದು ಓದಿದ್ದರೆ ಮುಂದಿನ 40,425ರೊಂದಿಗಿನ ಅನುಪಾತ 1.2 ದಾಟಿ ಎದ್ದು ಕಾಣುತ್ತದೆ.

ಇಷ್ಟೆಲ್ಲ ಪರೀಕ್ಷೆ ಮಾಡಿದ ಮೇಲೂ ಕೈಯಲ್ಲಿರುವುದು ಐದು ಸಾಲು ಮಾತ್ರ. ತಿಂಗಳುಗಳಾಗಿ ಬಿಡಿಸುವ ಕೆಲಸ ಹಾಗೇ ಬಾಕಿ ಇರುತ್ತದೆ. ಹಾಗಾಗಿ ನಾನು ಆ ಐದು ದಿನಾಂಕಗಳನ್ನು `=DATE(2022,10,11)` ಎಂಬ ರೂಪದಲ್ಲಿ, ಗೊಂದಲಕ್ಕೆ ಎಡೆಯಿಲ್ಲದಂತೆ, ಕೈಯಾರೆ ಟೈಪ್ ಮಾಡುತ್ತೇನೆ.

ಬಾಡಿಗೆಯನ್ನು ಏಕೆ ಟೈಪ್ ಮಾಡಬೇಕು, 38,500ನ್ನು 1.05ರಿಂದ ಗುಣಿಸುತ್ತಾ ಹೋದರೆ ಸಾಲದೇ ಎಂದು ಕೇಳಬಹುದು. ಸಾಲದು. ಏರಿಕೆ ಹಿಂದಿನ ವರ್ಷದ ಬಾಡಿಗೆಯ ಮೇಲೋ ಮೂಲ ಬಾಡಿಗೆಯ ಮೇಲೋ ಎಂಬುದು ಮೊದಲೆರಡು ವರ್ಷಗಳಿಂದ ತಿಳಿಯುವುದೇ ಇಲ್ಲ, ಎರಡರಲ್ಲೂ 40,425 ಬರುತ್ತದೆ. ಮೂರನೆಯ ವರ್ಷ ಅನುಬಂಧದಲ್ಲಿ 42,446 ಇದ್ದುದರಿಂದ ಇದು ಹಿಂದಿನ ವರ್ಷದ ಮೇಲಿನ ಏರಿಕೆಯೆಂದು ಗೊತ್ತಾಯಿತು. ಮೂಲದ ಮೇಲಿನದಾಗಿದ್ದರೆ 42,350 ಇರುತ್ತಿತ್ತು. ನಾಲ್ಕನೆಯ ವರ್ಷಕ್ಕೆ ನೇರ ಗುಣಾಕಾರ 44,569 ಕೊಡುತ್ತದೆ, ಮುದ್ರಿತವಾಗಿರುವುದು 44,568. ಅಂದರೆ ಕರಾರು ಬರೆದವರು ಪ್ರತಿ ವರ್ಷ ಪೂರ್ಣಾಂಕ ಮಾಡಿಕೊಂಡು ಮುಂದಕ್ಕೆ ಗುಣಿಸಿದ್ದಾರೆ. ಸಹಿ ಬಿದ್ದಿರುವುದು ಮುದ್ರಿತ ಅಂಕಿಗೆ, ಆದ್ದರಿಂದ ಅದೇ ಇರಲಿ. ಐದನೆಯದು 46,796.

ಉಳಿದದ್ದು ತಿಂಗಳ ನಡುವೆ ಬೀಳುವ ಏರಿಕೆ. ಬಾಡಿಗೆಯ ತಿಂಗಳು 11ರಿಂದ 10ರವರೆಗೆ ಎಂದು ಕರಾರಿನಲ್ಲಿದ್ದರೆ ಈ ಚಿಂತೆಯಿಲ್ಲ, 60 ಸಾಲುಗಳಲ್ಲಿ ಮುಗಿಯುತ್ತದೆ. ನನ್ನ ಕರಾರಿನಲ್ಲಿ ಪಾವತಿ ಕ್ಯಾಲೆಂಡರ್ ತಿಂಗಳಿಗೆ, ಅರೆ ತಿಂಗಳಿಗೆ ಆ ತಿಂಗಳ ದಿನಗಳ ಲೆಕ್ಕದಲ್ಲಿ ಎಂದಿತ್ತು. ಆಗ 2022ರ ಅಕ್ಟೋಬರಿನಿಂದ 2027ರ ಅಕ್ಟೋಬರಿನವರೆಗೆ 61 ಸಾಲುಗಳಾಗುತ್ತವೆ, ಪ್ರತಿ ಅಕ್ಟೋಬರೂ ಒಡೆಯುತ್ತದೆ. 2023ರ ಅಕ್ಟೋಬರಿನಲ್ಲಿ 10 ದಿನ ಹಳೆಯ ದರ, 21 ದಿನ ಹೊಸ ದರ, ಒಟ್ಟು 39,804.03. ಒಂದನೇ ತಾರೀಕಿನಿಂದಲೇ ಹೊಸ ದರ ಹಾಕಿದ್ದರೆ 620.97 ಹೆಚ್ಚು ಪಾವತಿಯಾಗುತ್ತಿತ್ತು.

A2ರಿಂದ A8ರವರೆಗೆ ಆರಂಭದ ದಿನಾಂಕಗಳು, C ಕಂಬದಲ್ಲಿ ಬಾಡಿಗೆ. ಐದು ವರ್ಷಗಳಿಗೆ ಏಳು ಸಾಲು ಏಕೆಂದರೆ, ಮೇಲೆ 2022ರ ಅಕ್ಟೋಬರ್ 1ಕ್ಕೆ ಸೊನ್ನೆ ಬಾಡಿಗೆ, ಕೆಳಗೆ 2027ರ ಅಕ್ಟೋಬರ್ 11ಕ್ಕೆ ಸೊನ್ನೆ ಬಾಡಿಗೆ ಎಂದು ಸೇರಿಸುತ್ತೇನೆ. ಇದರಿಂದ ಮೊದಲ ಮತ್ತು ಕೊನೆಯ ಅರೆ ತಿಂಗಳುಗಳಿಗೆ ಬೇರೆ ಸೂತ್ರ ಬೇಕಾಗುವುದಿಲ್ಲ. E2ರಲ್ಲಿ 2022ರ ಅಕ್ಟೋಬರ್ 1, E3ರಿಂದ ಕೆಳಕ್ಕೆ `=EDATE(E2,1)`, F ಕಂಬದಲ್ಲಿ `=EOMONTH(E2,0)`, H1ರಲ್ಲಿ ಹಳೆಯ ದರದ ದಿನಗಳಾದ 10. G ಕಂಬದಲ್ಲಿ ಹೀಗೆ:

```
=ROUND((LOOKUP(E2,$A$2:$A$8,$C$2:$C$8)*$H$1
 +LOOKUP(F2,$A$2:$A$8,$C$2:$C$8)*(DAY(F2)-$H$1))
 /DAY(F2),2)
```

ತಿಂಗಳ ಮೊದಲ ದಿನದ ದರ ಮತ್ತು ಕೊನೆಯ ದಿನದ ದರ ಒಂದೇ ಆಗಿದ್ದರೆ ಪೂರ್ಣ ಬಾಡಿಗೆ ಬರುತ್ತದೆ, ಬೇರೆಯಾದ ಕಡೆ ತಾನೇ ಒಡೆಯುತ್ತದೆ.

ಐದು ಬಾಡಿಗೆಗಳ ಮೊತ್ತ 2,12,735. ಹನ್ನೆರಡರಿಂದ ಗುಣಿಸಿದರೆ 25,52,820. G ಕಂಬದ ಮೊತ್ತ 25,52,819.99 ಬರುತ್ತದೆ. ಆ 0.01 ಆರು ಅಕ್ಟೋಬರುಗಳನ್ನು ದಶಾಂಶದ ಎರಡು ಸ್ಥಾನಕ್ಕೆ ಸರಿಪಡಿಸಿದ್ದರಿಂದ ಆದ ವ್ಯತ್ಯಾಸ. ಅದಕ್ಕಿಂತ ಹೆಚ್ಚಿದ್ದರೆ ಎಲ್ಲೋ ದೋಷವಿದೆಯೆಂದೇ ಅರ್ಥ. ಫೆಬ್ರವರಿ ಮಧ್ಯದಲ್ಲಿ ಆರಂಭವಾಗುವ ಕರಾರಿಗೆ ಮಾತ್ರ ಈ ತಾಳೆ ಸಲ್ಲದು, ಏಕೆಂದರೆ ಅಧಿಕ ವರ್ಷದಲ್ಲಿ ಆ ತಿಂಗಳ ದಿನಗಳೇ ಬದಲಾಗುತ್ತವೆ.

ನನಗೆ ಬರುವುದು ಅಪರೂಪಕ್ಕೊಂದು ಕರಾರು, ಇದಕ್ಕಾಗಿ ಹಣ ಕೊಟ್ಟು ಆ್ಯಪ್ ಕೊಳ್ಳುವ ಮನಸ್ಸೂ ಇಲ್ಲ. ಆದ್ದರಿಂದ ಟೈಪ್ ಮಾಡುವುದೇ ಸಾಕು. ಹತ್ತಾರು ಕರಾರುಗಳನ್ನು ಒಟ್ಟಿಗೆ ನೋಡುವವರು ಚಿತ್ರದಿಂದ ಕೋಷ್ಟಕ ಪಡೆಯುವ ದಾರಿಯನ್ನೇ ಹಿಡಿಯಲಿ, ಆದರೆ ಮೊದಲು ಪ್ರದೇಶದ ಸೆಟ್ಟಿಂಗ್ ಬದಲಿಸಿಕೊಂಡು, ಆರಂಭದಿಂದ ಮುಕ್ತಾಯವನ್ನು ಕಳೆಯುವ ಕಂಬವೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಲಿ.