ನೆಟ್‌ವರ್ಕ್‌ಗೆ ನಾಲ್ಕು ಸ್ಟಾರ್, ಬಿಲ್ಲಿಗೆ ಒಂದೇ: ಕೇಳದೆ ಸೇರಿಸಿದ 99 ರೂಪಾಯಿ

ವರ್ಷಗಳಿಂದ ಇದೇ ಕಂಪನಿಯ 449 ರೂಪಾಯಿಯ ಪೋಸ್ಟ್‌ಪೇಯ್ಡ್ ಪ್ಲಾನ್ ಬಳಸುತ್ತಿದ್ದೇನೆ. ಸಿಗ್ನಲ್ ಬಗ್ಗೆ ತಕರಾರಿಲ್ಲ, ಡೇಟಾ ವೇಗವೂ ಪರವಾಗಿಲ್ಲ. ತಕರಾರು ಬಿಲ್ಲಿನದು. ಕಳೆದ ಎರಡು ಬಿಲ್ಲುಗಳಲ್ಲಿ ಪ್ಲಾನ್ ಬಾಡಿಗೆಯ ಕೆಳಗೆ ‘ವ್ಯಾಲ್ಯೂ ಆ್ಯಡೆಡ್ ಸರ್ವಿಸ್’ ಎಂಬ ಸಾಲಿನಲ್ಲಿ 99 ರೂಪಾಯಿ ಕೂತಿದೆ. ಯಾವುದೋ ಗೇಮ್ಸ್ ಪ್ಯಾಕ್ ಅಂತೆ. ಅದನ್ನು ಇಲ್ಲಿ ಯಾರೂ ಕೇಳಿಲ್ಲ, ಬಳಸಿಯೂ ಇಲ್ಲ.

ಮೊಬೈಲ್ ಆ್ಯಪ್ ತೋರಿಸುವುದು ಒಟ್ಟು ಮೊತ್ತವನ್ನು ಮಾತ್ರ. ಆಟೋಪೇ ಹಾಕಿಟ್ಟವರಿಗೆ ಇದು ತಿಂಗಳಾನುಗಟ್ಟಲೆ ಗೊತ್ತೇ ಆಗುವುದಿಲ್ಲ. ಪಿಡಿಎಫ್ ಬಿಲ್ ಇಳಿಸಿಕೊಂಡು ಒಳಪುಟ ನೋಡಬೇಕು. ಇಂಥ ಪ್ಯಾಕ್‌ಗಳು ಸಾಮಾನ್ಯವಾಗಿ ಅಂಟಿಕೊಳ್ಳುವುದು ಪರದೆ ಮೇಲೆ ಹಾರಿಬರುವ ಮೆಸೇಜಿಗೆ ‘ಓಕೆ’ ಒತ್ತಿದಾಗ, ರೆಕಾರ್ಡೆಡ್ ಕರೆಯಲ್ಲಿ ಯಾವುದೋ ಅಂಕಿ ಒತ್ತಿದಾಗ, ಇಲ್ಲವೇ ಜಾಹೀರಾತಿನ ಮೇಲೆ ಬೆರಳು ತಾಗಿದಾಗ. ಹಾಗೆ ಒಂದು ಸಲ ಒತ್ತಿದ ಮಾತ್ರಕ್ಕೆ ಹಣ ಕೀಳುವಂತಿಲ್ಲ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಗ್ರಾಹಕನಿಂದ ಎರಡು ಬಾರಿ ಒಪ್ಪಿಗೆ ಪಡೆಯಬೇಕು.

ಆದ್ದರಿಂದ ಕಸ್ಟಮರ್ ಕೇರ್‌ನವರು ‘ನಿಮ್ಮ ನಂಬರಿನಿಂದಲೇ ಆ್ಯಕ್ಟಿವೇಟ್ ಆಗಿದೆ ಸರ್’ ಅಂದರೆ ಅಲ್ಲಿಗೆ ಮುಗಿಯಲಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾವ ಮಾರ್ಗದಲ್ಲಿ, ಎರಡನೇ ಒಪ್ಪಿಗೆಯ ದಾಖಲೆ ಎಲ್ಲಿ ಎಂದು ಕೇಳಬೇಕು. ಈ ಪ್ರಶ್ನೆಗೆ ನನಗೆ ಈವರೆಗೆ ಸಿಕ್ಕಿರುವ ಉತ್ತರ ‘ಬ್ಯಾಕೆಂಡ್ ಟೀಮ್ ನೋಡ್ತಾರೆ’ ಎಂಬುದಷ್ಟೇ.

ಸೇವೆ ನಿಲ್ಲಿಸುವುದು ಕಷ್ಟವಲ್ಲ. ಎಲ್ಲ ಕಂಪನಿಗಳಿಗೂ ಒಂದೇ ಆಗಿರುವ 155223ಕ್ಕೆ ಕರೆ ಮಾಡಿದರಾಯಿತು. ಎಡವಟ್ಟಾಗುವುದು ಆಮೇಲೆ. ಪ್ಯಾಕ್ ನಿಂತ ಕೂಡಲೇ ‘ನಿಮ್ಮ ಕೋರಿಕೆ ಪೂರ್ಣಗೊಂಡಿದೆ’ ಎಂಬ ಮೆಸೇಜ್ ಬರುತ್ತದೆ. ಹಣದ ಮಾತೇ ಇರುವುದಿಲ್ಲ. ಕೋರಿಕೆ ಬೇರೆ, ದೂರು ಬೇರೆ. 198ಕ್ಕೆ ಕರೆ ಮಾಡಿ ‘ಇದು ಬಿಲ್ಲಿಂಗ್ ದೂರು, ಡಾಕೆಟ್ ನಂಬರ್ ಕೊಡಿ’ ಎಂದು ಬಾಯಿಬಿಟ್ಟು ಹೇಳಬೇಕು. ದೂರು ದಾಖಲಾಗಿದೆ ಎನ್ನುವುದಕ್ಕೆ ಗುರುತಾದ ಆ ನಂಬರ್ ಎಸ್ಸೆಮ್ಮೆಸ್‌ನಲ್ಲಿ ಬಂದ ಮೇಲೆಯೇ ಫೋನ್ ಇಡಿ. ಅದಿಲ್ಲದೆ ಮೇಲ್ಮನವಿಗೆ ದಾರಿಯಿಲ್ಲ.

ಮೊದಲ ಸಲ ಇವರು ಒಪ್ಪಿದ್ದು ‘ಗುಡ್‌ವಿಲ್ ಕ್ರೆಡಿಟ್’ ಎಂದು 99 ರೂಪಾಯಿಗೆ. ಬಿಲ್ಲಿನಲ್ಲಿ ಹೋಗಿರುವುದು ಅಷ್ಟೇ ಅಲ್ಲ. 99ರ ಮೇಲೆ ಶೇ. 18 ಜಿಎಸ್‌ಟಿ ಎಂದರೆ 17.82, ಒಟ್ಟು 116.82. ಎರಡು ತಿಂಗಳಿಗೆ 233.64. ಕ್ರೆಡಿಟ್ ಎಲ್ಲಿ ಕಾಣಿಸುತ್ತದೆ ಎಂಬುದನ್ನೂ ನೋಡಿಕೊಳ್ಳಿ: ತೆರಿಗೆ ಲೆಕ್ಕಕ್ಕೆ ಮೊದಲೇ 99 ಕಳೆದರೆ ತೆರಿಗೆಯೂ ತಾನಾಗಿ ಇಳಿಯುತ್ತದೆ, ತೆರಿಗೆ ಸೇರಿದ ಮೇಲೆ ಕಳೆದರೆ ಪ್ರತಿ ತಿಂಗಳ 17.82 ಅವರಲ್ಲೇ ಉಳಿಯುತ್ತದೆ. ಇನ್ನು ‘ಗುಡ್‌ವಿಲ್’ ಎಂಬ ಮಾತು. ಅದನ್ನು ಒಪ್ಪಿದರೆ ಪ್ಯಾಕ್ ನಾವೇ ಹಾಕಿಸಿಕೊಂಡಂತೆ, ಅವರು ಉದಾರವಾಗಿ ಬಿಟ್ಟುಕೊಟ್ಟಂತೆ. ಅದು ಬೇಡ.

ಡಾಕೆಟ್ ನಂಬರ್ ಹಾಕಿ ಕಂಪನಿಗೆ ಇಮೇಲ್ ಮಾಡಿರುವ ಒಕ್ಕಣೆ ಇದು, ಬೇಕಾದವರು ಬಳಸಿಕೊಳ್ಳಬಹುದು:

‘ನನ್ನ ಸಂಖ್ಯೆಗೆ ನನ್ನ ಒಪ್ಪಿಗೆಯಿಲ್ಲದೆ ಗೇಮ್ಸ್ ಪ್ಯಾಕ್ ಸೇರಿಸಿ ಎರಡು ಬಿಲ್ಲುಗಳಲ್ಲಿ ತೆರಿಗೆ ಸೇರಿ ರೂ. 233.64 ವಿಧಿಸಲಾಗಿದೆ. ಎರಡೂ ಬಿಲ್ಲುಗಳ ಪ್ರತಿ ಲಗತ್ತಿಸಿದ್ದೇನೆ. ಪೂರ್ತಿ ಮೊತ್ತವನ್ನು ವಾಪಸ್ ಮಾಡಿ. ಒಪ್ಪಿಗೆ ಇತ್ತೆನ್ನುವುದಾದರೆ ಎರಡೂ ಒಪ್ಪಿಗೆಗಳ ದಿನಾಂಕ, ಸಮಯ, ಮಾರ್ಗದ ದಾಖಲೆ ಕಳಿಸಿ. ವಾಪಸಾದ ಮೊತ್ತ, ಪ್ಯಾಕ್ ನಿಲ್ಲಿಸಿದ ದಿನಾಂಕ, ಈ ಬಾಬ್ತಿಗೆ ವಿಳಂಬ ಶುಲ್ಕ ಇಲ್ಲವೆಂಬುದು, ಮುಂದೆ ಇಂಥ ಸೇವೆಗಳನ್ನು ಈ ಸಂಖ್ಯೆಗೆ ಬ್ಲಾಕ್ ಮಾಡಿರುವುದು, ಇಷ್ಟನ್ನೂ ಲಿಖಿತವಾಗಿ ದೃಢಪಡಿಸಿ.’

ಫೋನಿನಲ್ಲಿ ‘ಆಗಿದೆ ಸರ್’ ಎಂದದ್ದಕ್ಕೆ ಮುಂದಿನ ಬಿಲ್ಲಿನ ದಿನ ಯಾವ ಬೆಲೆಯೂ ಇರುವುದಿಲ್ಲ, ಅದಕ್ಕೇ ಬರಹದಲ್ಲಿ ಬೇಕು.

ಇಲ್ಲಿ ಪರಿಹಾರ ಸಿಗದಿದ್ದರೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು. ಶುಲ್ಕವಿಲ್ಲ, 39 ದಿನದಲ್ಲಿ ತೀರ್ಮಾನ ಕೊಡಬೇಕು. ಟ್ರಾಯ್‌ಗೆ ಬರೆದು ಕಾಯುವವರಿದ್ದಾರೆ. ಬಿಡಿ ಗ್ರಾಹಕರ ದೂರನ್ನು ಅದು ಇತ್ಯರ್ಥ ಮಾಡುವುದಿಲ್ಲ. ಗ್ರಾಹಕ ಆಯೋಗದ ಬಾಗಿಲು ಮಾತ್ರ ತೆರೆದಿದೆ: ಟೆಲಿಕಾಂ ದೂರು ಅಲ್ಲಿ ನಡೆಯುತ್ತದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 233 ರೂಪಾಯಿಗೆ ಅಷ್ಟು ದೂರ ಹೋಗುವವರು ಕಡಿಮೆ ಎಂಬುದು ಕಂಪನಿಗೂ ಗೊತ್ತು.

ಸದ್ಯಕ್ಕೆ ಪ್ಯಾಕ್ ನಿಂತಿದೆ, ಒಂದು ತಿಂಗಳ 99 ಬಂದಿದೆ, ತೆರಿಗೆಯ ಕೆಳಗಿನ ಸಾಲಿನಲ್ಲಿ. ಬಾಕಿ 134.64 ಮತ್ತು ಲಿಖಿತ ಉತ್ತರ ಬರಬೇಕಿದೆ.